ಕಾಫಿ ಕಹಿ ಅನ್ನುವವರಿಗೆ: ಲೈಟೋ, ಮೀಡಿಯಮ್ಮೋ, ಡಾರ್ಕೋ?

"ಕಾಫಿ ಪರಿಮಳ ಅಂದ್ರೆ ಪ್ರಾಣ. ಆದ್ರೆ ಬಾಯಿಗೆ ಇಟ್ರೆ ಕಹಿ. ಯಾವ ರೋಸ್ಟ್ ತಗೊಳ್ಳೋದು?" ಎಂದು ಕೇಳುವವರು ಬಹಳ ಜನ. ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಲೈಟ್ ರೋಸ್ಟ್ ತಗೊಳ್ಳಿ, ಕಹಿ ಇರೋದಿಲ್ಲ." ಈ ಮಾತು ಅರ್ಧ ನಿಜ. ಆ ಅರ್ಧವನ್ನೇ ನಂಬಿ ದುಬಾರಿ ಪ್ಯಾಕೆಟ್ ತಂದು, ಮನೆಯ ಫಿಲ್ಟರಿಗೆ ಹಾಕಿ, ಹಾಲು ಬೆರೆಸಿ ಕುಡಿದು ಮುಖ ಹಿಂಡಿದವರನ್ನು ಕಂಡಿದ್ದೇನೆ. ನನ್ನ ತಂಗಿಯೇ ಅವರಲ್ಲಿ ಒಬ್ಬಳು. ಅವಳ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನೀವು ಕಹಿ ಅನ್ನುತ್ತಿರುವುದು ನಿಜವಾಗಿ ಕಹಿಯೇ?

ಕಹಿಯೋ, ಒಗರೋ, ಸೀದದ್ದೋ

ಈ ವಿಚಾರದಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಕಹಿ ಬೇರೆ, ಒಗರು ಬೇರೆ ಎಂದು ನಮಗೆ ಚಿಕ್ಕಂದಿನಿಂದ ಗೊತ್ತು. ಹಾಗಲಕಾಯಿ ಕಹಿ, ಎಳೆ ಬಾಳೆಕಾಯಿ ಒಗರು. ಆದರೆ ಕಾಫಿ ಲೋಟ ಕೈಗೆ ಬಂದರೆ ಸಾಕು, ಎಲ್ಲವನ್ನೂ ಸೇರಿಸಿ "ಕಹಿ" ಅಂದುಬಿಡುತ್ತೇವೆ.

ಹೀಗೆ ಮಾಡಿ ನೋಡಿ. ಹಾಲು, ಸಕ್ಕರೆ ಹಾಕದ ಒಂದು ಚಮಚ ಡಿಕಾಕ್ಷನ್‌ಗೆ ಎರಡು ಚಮಚ ಬಿಸಿನೀರು ಬೆರೆಸಿ, ಬಾಯಲ್ಲಿ ಒಂದು ಸುತ್ತು ತಿರುಗಿಸಿ ನುಂಗಿ. ನಾಲಿಗೆಯ ಹಿಂಬದಿಯಲ್ಲಿ ರುಚಿ ಉಳಿದುಕೊಂಡು, ನೀರು ಕುಡಿದರೂ ಹೋಗದಿದ್ದರೆ ಅದು ಕಹಿ. ಕೆನ್ನೆಯ ಒಳಭಾಗ, ವಸಡು ಒಣಗಿ ಹಿಡಿದುಕೊಂಡಂತಾದರೆ ಒಗರು. ಬಾಯಿಗಿಂತ ಮೊದಲು ಮೂಗಿಗೆ ತಳಹತ್ತಿದ ಅನ್ನದ ನೆನಪು ಬಂದರೆ, ಅದು ಸೀದ ವಾಸನೆ. ಈ ಮೂರಕ್ಕೂ ಕಾರಣ ಬೇರೆ ಬೇರೆ. ಸೀದದ್ದು ಹುರಿಯುವಲ್ಲಿ ಹುಟ್ಟುತ್ತದೆ. ಒಗರು ಬಹುಪಾಲು ಕಾಫಿ ಇಳಿಸುವ ರೀತಿಯಿಂದ ಬರುತ್ತದೆ, ಕೆಲವೊಮ್ಮೆ ಬೀಜದಿಂದಲೇ ಬರುವುದೂ ಉಂಟು. ಕಹಿಗೆ ಮಾತ್ರ ಹುರಿಯುವಿಕೆ, ಬೀಜದ ಜಾತಿ, ಇಳಿಸುವ ರೀತಿ ಮೂರೂ ಸೇರಿಕೊಳ್ಳುತ್ತವೆ.

ಹಾಗಾಗಿ ಆಯ್ಕೆಗೆ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ನಿಮ್ಮ ಬಾಯಿಗೆ ಆಗದಿರುವುದು ಇದರಲ್ಲಿ ಯಾವುದು? ಕಹಿ ಇಳಿದ ಜಾಗಕ್ಕೆ ಹುಳಿ ಬಂದರೆ ಒಪ್ಪುತ್ತೀರಾ? ಹಾಲು ಬೇಕೇ, ಬೇಡವೇ? ತಿಂಗಳ ಕಾಫಿಪುಡಿಗೆ ಎಷ್ಟು ತೆಗೆದಿಡಬಲ್ಲಿರಿ? ಹುಳಿಯ ಪ್ರಶ್ನೆಯನ್ನು ಜನ ಕೇಳಿಕೊಳ್ಳುವುದೇ ಇಲ್ಲ. ಮೋಸ ಹೋಗುವುದು ಅಲ್ಲೇ.

ಹುರಿಯುವಾಗ ಏನಾಗುತ್ತದೆ

ಹಸಿ ಕಾಫಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ವಸ್ತು ಧಾರಾಳವಾಗಿರುತ್ತದೆ. ಹುರಿಯುತ್ತ ಹೋದಂತೆ ಅದು ಒಡೆದು ಲ್ಯಾಕ್ಟೋನ್‌ಗಳಾಗುತ್ತದೆ. ಲೈಟ್, ಮೀಡಿಯಂ ಕಾಫಿಯಲ್ಲಿ ಸಿಗುವ ಹದವಾದ, ಹಿತವಾದ ಕಹಿ ಇವುಗಳದ್ದು. ಇನ್ನೂ ಹುರಿದರೆ ಆ ಲ್ಯಾಕ್ಟೋನ್‌ಗಳೂ ಒಡೆದು ಫಿನೈಲಿಂಡೇನ್ ಎಂಬ ವಸ್ತುಗಳಾಗುತ್ತವೆ. ಇವುಗಳ ಕಹಿ ಒರಟು, ಬಾಯಲ್ಲಿ ಬಹಳ ಹೊತ್ತು ನಿಲ್ಲುವಂಥದ್ದು. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಥಾಮಸ್ ಹಾಫ್‌ಮನ್ ಮತ್ತು ಸಂಗಡಿಗರು ಇದನ್ನು ಬಿಡಿಸಿ ಹೇಳಿದ್ದು 2007ರಲ್ಲಿ. ಕಾಫಿಯ ಕಹಿಗೆಲ್ಲ ಕೆಫೀನೇ ಕಾರಣ ಎಂದು ಅಲ್ಲಿಯವರೆಗೆ ಬಹಳ ಜನ ನಂಬಿದ್ದರು. ಅದರ ಪಾಲು ಚಿಕ್ಕದು. ಹುರಿಯುವುದರಿಂದ ಕೆಫೀನ್ ಅಷ್ಟೇನೂ ಕಡಿಮೆಯಾಗುವುದೂ ಇಲ್ಲ. ಆದ್ದರಿಂದ "ಲೈಟ್ ಅಂದ್ರೆ ಕೆಫೀನ್ ಕಮ್ಮಿ" ಎಂಬ ಮಾತನ್ನು ಪಕ್ಕಕ್ಕಿಡಿ.

ಹುರಿಯುವವರು ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ನಂಬುತ್ತಾರೆ. ಬೀಜ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಅರಳು ಹುರಿದಂತೆ ಜೋರಾಗಿ ಚಟಚಟ ಸಿಡಿಯುತ್ತದೆ. ಇದು ಮೊದಲ ಸಿಡಿತ. ಇದು ಮುಗಿಯುತ್ತಿದ್ದಂತೆ ಇಳಿಸಿದರೆ ಲೈಟ್. 225ರ ಆಸುಪಾಸಿನಲ್ಲಿ ಎರಡನೇ ಸಿಡಿತ ಶುರು. ಅದರ ಸದ್ದು ಸಣ್ಣದು, ಒಣಕಡ್ಡಿ ಮುರಿದ ಹಾಗೆ. ಅಲ್ಲಿಗೆ ಮುಟ್ಟಿ ಮುಂದೆ ಹೋದದ್ದು ಡಾರ್ಕ್. ನಡುವಿನ ಮೌನದಲ್ಲಿ ಇಳಿಸಿದ್ದು ಮೀಡಿಯಂ. ಆ ಮೌನ ಒಂದೆರಡು ನಿಮಿಷದ್ದಷ್ಟೇ. ಅದಕ್ಕೇ ಒಬ್ಬ ಅಂಗಡಿಯವರ ಮೀಡಿಯಂ ಇನ್ನೊಬ್ಬರ ಡಾರ್ಕ್ ಆಗಿರುತ್ತದೆ.

ಡಾರ್ಕ್: ಬಿಡುವ ಮುನ್ನ ಎರಡು ಮಾತು

ಕಹಿ ಬೇಡ ಅನ್ನುವವರು ಡಾರ್ಕ್ ಹತ್ತಿರ ಸುಳಿಯಬಾರದು ಅನ್ನುವುದು ಸುಲಭ. ಅದು ಬಹಳ ಮಟ್ಟಿಗೆ ಸರಿ ಕೂಡ. ಒರಟು ಕಹಿ, ಸೀದ ವಾಸನೆ ಎರಡೂ ಇಲ್ಲಿಯವೇ. ಬೀಜದ ಮೈಮೇಲೆ ಎಣ್ಣೆ ಜಿನುಗಿ ಹೊಳೆಯುತ್ತಿರುತ್ತದೆ. ಆ ಎಣ್ಣೆ ಗಾಳಿಗೆ ಬೇಗ ಕೆಡುವುದರಿಂದ ಹಳೆಯ ಡಾರ್ಕ್ ಪುಡಿಗೆ ಕಮಟು ಸೇರಿಕೊಳ್ಳುತ್ತದೆ. ಇನ್ನೊಂದು ವಿಷಯ: ಅಗ್ಗದ, ದೋಷವಿರುವ ಬೀಜದ ಅವಗುಣ ಮುಚ್ಚಲು ಕಪ್ಪಗೆ ಹುರಿಯುವುದಕ್ಕಿಂತ ಸುಲಭದ ದಾರಿ ಇಲ್ಲ. ಎಲ್ಲ ಡಾರ್ಕೂ ಹಾಗಲ್ಲ, ಆದರೆ ಕಡಿಮೆ ಬೆಲೆಯ ಡಾರ್ಕ್ ಪುಡಿಯನ್ನು ನಾನು ಸಂಶಯದಿಂದಲೇ ನೋಡುತ್ತೇನೆ.

ಆದರೂ ಅದರ ಪರವಾಗಿ ಹೇಳುವುದು ಒಂದಿದೆ. ಡಾರ್ಕ್‌ನಲ್ಲಿ ಹುಳಿ ಬಹುತೇಕ ಸತ್ತುಹೋಗಿರುತ್ತದೆ, ಹಾಲಿನೊಂದಿಗೆ ಅದರ ರುಚಿ ಎದ್ದು ನಿಲ್ಲುತ್ತದೆ. ಹಾಲಿನ ಪ್ರೋಟೀನು, ಕೊಬ್ಬು ಎರಡೂ ಕಹಿ, ಒಗರನ್ನು ಹಿಡಿದಿಟ್ಟುಕೊಳ್ಳುತ್ತವೆ. ನಿಮಗೆ ಬೇಕಿರುವುದು ಒಂದು ಲೋಟ ಗಟ್ಟಿ ಹಾಲು, ಎರಡು ಚಮಚ ಡಿಕಾಕ್ಷನ್, ಮೇಲೆ ಸಕ್ಕರೆ ಎಂದಾದರೆ ಡಾರ್ಕ್ ಕೆಟ್ಟ ಆಯ್ಕೆಯೇನಲ್ಲ. ಅಷ್ಟು ಹಾಲಿನಲ್ಲಿ ಲೈಟ್ ರೋಸ್ಟ್ ಹಾಕಿದರೆ ಕಾಫಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಲೈಟ್: ಯಾರಿಗೆ ವರ, ಯಾರಿಗೆ ಶಿಕ್ಷೆ

ಲೈಟ್ ರೋಸ್ಟಿನ ಬೀಜ ದಾಲ್ಚಿನ್ನಿ ಚಕ್ಕೆಯ ಬಣ್ಣದ್ದು, ಒಣಗಿರುತ್ತದೆ, ಹಲ್ಲಿಗೆ ಗಟ್ಟಿ. ಒರಟು ಕಹಿ ಇಲ್ಲಿ ಹುಟ್ಟಿರುವುದೇ ಇಲ್ಲ. ಬದಲಿಗೆ ಹುಳಿ ಇರುತ್ತದೆ. ಒಳ್ಳೆಯ ಅರೇಬಿಕಾ ಜಾತಿಯ ಬೀಜವಾಗಿದ್ದು, ಇಳಿಸುವವರಿಗೆ ಕೈಹದ ಇದ್ದರೆ ಅದು ಕಿತ್ತಳೆಯ, ದ್ರಾಕ್ಷಿಯ ಹುಳಿ. ಇಲ್ಲದಿದ್ದರೆ ಬಲಿಯದ ಮಾವಿನ ಹುಳಿ, ಜೊತೆಗೆ ಹುಲ್ಲಿನ ವಾಸನೆ.

ತೊಂದರೆ ಇರುವುದು ಇಳಿಸುವಲ್ಲಿ. ಕಡಿಮೆ ಹುರಿದ ಬೀಜ ಸಾಂದ್ರವಾಗಿರುವುದರಿಂದ ಅದರ ಸತ್ವ ನೀರಿಗೆ ಸುಲಭವಾಗಿ ಇಳಿಯುವುದಿಲ್ಲ. ಹುಳಿ ಮೊದಲು ಇಳಿಯುತ್ತದೆ, ಸಿಹಿ ಆಮೇಲೆ. ಅರ್ಧಕ್ಕೆ ನಿಂತರೆ ಹುಳಿ ಮಾತ್ರ ಲೋಟಕ್ಕೆ ಬರುತ್ತದೆ. ನಮ್ಮ ಸ್ಟೀಲಿನ ಫಿಲ್ಟರಿನಲ್ಲಿ ಪುಡಿ ಹೆಚ್ಚು, ನೀರು ಕಡಿಮೆ, ಮೇಲೆ ಹಾಕಿದ ನೀರು ಇಳಿಯುತ್ತ ಆರುತ್ತ ಹೋಗುತ್ತದೆ. ಲೈಟ್ ರೋಸ್ಟಿಗೆ ಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ: ಹೆಚ್ಚು ನೀರು, ಕೊನೆಯವರೆಗೆ ಬಿಸಿ. 15 ಗ್ರಾಂ ಪುಡಿಗೆ 240 ಮಿಲಿಲೀಟರ್ ನೀರನ್ನು ಕಾಗದದ ಫಿಲ್ಟರಿನ ಮೇಲೆ ಸುತ್ತ ಸುತ್ತ ಸುರಿದು, ಮೂರು ನಿಮಿಷದಲ್ಲಿ ಇಳಿಸಿ, ಹಾಲಿಲ್ಲದೆ ಕುಡಿಯುವವರಿಗೆ ಲೈಟ್ ನಿಜಕ್ಕೂ ವರ. ಅದೇ ಪುಡಿಯನ್ನು ಸ್ಟೀಲ್ ಫಿಲ್ಟರಿಗೆ ಹಾಕಿ ಹಾಲು ಬೆರೆಸಿದರೆ, ಹಾಲೇ ಹುಳಿಯಾಗಿದೆಯೇನೋ ಎಂಬ ಅನುಮಾನ ಬರುವಂಥ ಲೋಟ ಸಿಗುತ್ತದೆ.

ಖರ್ಚಿನ ಮಾತೂ ಇದೆ. ಲೈಟ್ ರೋಸ್ಟಿನಲ್ಲಿ ಬೀಜದ ದೋಷ ಬಚ್ಚಿಡಲು ಆಗುವುದಿಲ್ಲ, ಹಾಗಾಗಿ ಆರಿಸಿದ ಬೀಜವೇ ಬೇಕು. ಇವನ್ನು ಮಾರುವವರು ಸಾಮಾನ್ಯವಾಗಿ ಚಿಕ್ಕಮಗಳೂರು, ಕೊಡಗಿನ ಎಸ್ಟೇಟಿನ ಹೆಸರು ಹಾಕಿ 250 ಗ್ರಾಂ ಪ್ಯಾಕೆಟ್ಟಿನಲ್ಲಿ ಕೊಡುತ್ತಾರೆ. ತೂಕಕ್ಕೆ ತೂಕ ಹೋಲಿಸಿದರೆ ಬೀದಿಯ ಕಾಫಿಪುಡಿ ಅಂಗಡಿಗಿಂತ ದುಪ್ಪಟ್ಟೋ ಹೆಚ್ಚೋ ಆಗುತ್ತದೆ.

ಮೂರು ಭಾನುವಾರ

ನನ್ನ ತಂಗಿ ಮೈಸೂರಿನಲ್ಲಿರುತ್ತಾಳೆ. ಒಂದು ಲೋಟ ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿಕೊಂಡು, "ಆದ್ರೂ ಕಹಿ" ಅನ್ನುವವಳು. ಯಾರೋ ಹೇಳಿದರೆಂದು ಒಂದು ಲೈಟ್ ರೋಸ್ಟ್ ಪ್ಯಾಕೆಟ್ ತಂದು, ಒಂದೇ ದಿನಕ್ಕೆ ಬೇಸತ್ತು ಫೋನ್ ಮಾಡಿದಳು. ನಾನು ಹೋದಾಗ ಪರಿಚಯದ ಕಾಫಿಪುಡಿ ಅಂಗಡಿಯವರನ್ನು ಕಾಡಿ, ಒಂದೇ ಮೂಟೆಯ ಬೀಜವನ್ನು ಮೂರು ಹದದಲ್ಲಿ ಹುರಿಸಿ, ನೂರು ನೂರು ಗ್ರಾಂ ಪುಡಿ ಮಾಡಿಸಿಕೊಂಡೆ. ಬೀಜ ಸಕಲೇಶಪುರದ ಕಡೆಯ ಪ್ಲಾಂಟೇಶನ್ ಎ, ಅಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ. ಚಿಕೋರಿ ಒಂದು ಚೂರೂ ಇಲ್ಲ.

ಇಳಿಸುವ ಕ್ರಮ ಮೂರಕ್ಕೂ ಒಂದೇ. 20 ಗ್ರಾಂ ಪುಡಿ, 120 ಮಿಲಿಲೀಟರ್ ನೀರು. ತೂತಿನ ಬಿಲ್ಲೆಯನ್ನು ಅದುಮದೆ ಸುಮ್ಮನೆ ಮೇಲಿಟ್ಟೆವು. ಇಪ್ಪತ್ತು ನಿಮಿಷಕ್ಕೆ ಸುಮಾರು 80 ಮಿಲಿಲೀಟರ್ ಡಿಕಾಕ್ಷನ್ ಇಳಿಯಿತು, ಉಳಿದ ನೀರನ್ನು ಪುಡಿಯೇ ಹೀರಿಕೊಂಡಿತು. ಲೋಟಕ್ಕೆ 30 ಡಿಕಾಕ್ಷನ್, 100 ಹಾಲು, ಒಂದು ಚಮಚ ಸಕ್ಕರೆ. ವಾರಕ್ಕೊಂದು ಪುಡಿ. ಎರಡನೇ, ಮೂರನೇ ವಾರ ಅವಳೇ ಮಾಡಿ ಫೋನಿನಲ್ಲಿ ವರದಿ ಕೊಟ್ಟಳು.

ಮೊದಲ ಭಾನುವಾರ ಲೈಟ್. ಒಂದು ಗುಟುಕು ಕುಡಿದು, "ಅಕ್ಕಾ, ಕಹಿ ಅಲ್ಲ ಕಣೇ ಇದು, ಹುಳಿ. ಮೊನ್ನೆ ಪ್ಯಾಕೆಟ್ಟಲ್ಲೂ ಇದೇ ಆಗಿದ್ದು" ಅಂದಳು. ತಾನು ಕಹಿ ಅಂದುಕೊಂಡಿದ್ದು ಬೇರೆ ಏನೋ ಎಂದು ಅವಳಿಗೆ ಗೊತ್ತಾದದ್ದು ಅಂದೇ. ಉಳಿದ ಡಿಕಾಕ್ಷನ್‌ಗೆ ಎರಡರಷ್ಟು ಬಿಸಿನೀರು ಹಾಕಿ ಹಾಲಿಲ್ಲದೆ ಕೊಟ್ಟೆ. "ಟೀ ಥರ ಇದೆ, ಪರವಾಗಿಲ್ಲ" ಅಂದಳು, ಆದರೆ ಎರಡನೇ ಗುಟುಕಿಗೆ ಕೈ ಚಾಚಲಿಲ್ಲ.

ಎರಡನೇ ವಾರ ಡಾರ್ಕ್. ವರದಿ ಎರಡು ವಾಕ್ಯದ್ದು: "ಮೊದಲ ಗುಟುಕು ಚೆನ್ನಾಗಿತ್ತು. ಬಸ್ ಹತ್ತೋವರೆಗೂ ಬಾಯಲ್ಲಿ ಕಹಿ ಹೋಗಲಿಲ್ಲ." ಫಿನೈಲಿಂಡೇನ್ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಮೂರನೇ ವಾರ ಮೀಡಿಯಂ. ಕಹಿ ಇತ್ತು, ಆದರೆ ನುಂಗಿದ ಮೇಲೆ ಹೋಗುತ್ತಿತ್ತು. ಒಗರು ಮಾತ್ರ ಸ್ವಲ್ಪ ಉಳಿದಿತ್ತು. ಎಲ್ಲಿಂದ ಬಂತು ಎಂದು ವಿಚಾರಿಸಿದರೆ, ಎರಡನೇ ಲೋಟಕ್ಕೆ ಅದೇ ಚರಟದ ಮೇಲೆ ಮತ್ತೆ ಕುದಿನೀರು ಹಾಕಿದ್ದಳು. ನಮ್ಮ ಮನೆಗಳಲ್ಲಿ ಇದು ಮಾಮೂಲಿ ಅಭ್ಯಾಸ. ಪುಡಿಯ ಪರಿಮಳ, ಸಿಹಿ ಎಲ್ಲ ಮೊದಲ ಸುತ್ತಿನಲ್ಲೇ ಇಳಿದಿರುತ್ತದೆ, ಎರಡನೇ ಸಲ ಬರುವುದು ಕಹಿ ಮತ್ತು ಒಗರು. ಅದನ್ನು ನಿಲ್ಲಿಸಲು ಹೇಳಿದೆ. ಸಕ್ಕರೆ ಆಮೇಲೆ ತಾನಾಗಿಯೇ ಇಳಿಯಿತು.

ಮೀಡಿಯಂ, ಆದರೆ ಯಾವ ಮೀಡಿಯಂ

ಹಾಲು ಹಾಕಿ ಫಿಲ್ಟರ್ ಕಾಫಿ ಕುಡಿಯುವವರಿಗೆ ನನ್ನ ಉತ್ತರ ಮೀಡಿಯಂ. ಹುಳಿ ಹಿಂದೆ ಸರಿದಿರುತ್ತದೆ, ಒರಟು ಕಹಿ ಇನ್ನೂ ಬಂದಿರುವುದಿಲ್ಲ, ಬೀಜದ ಸಕ್ಕರೆ ಕಂದಿ ಬೆಲ್ಲದ ಪಾಕದ ಛಾಯೆ ಬಂದಿರುತ್ತದೆ. ನೀರಿಗೂ ಸುಲಭವಾಗಿ ಇಳಿಯುತ್ತದೆ, ಹಾಗಾಗಿ ಕೈ ಸ್ವಲ್ಪ ತಪ್ಪಿದರೂ ಲೋಟ ಹಾಳಾಗುವುದಿಲ್ಲ.

ಆದರೆ "ಮೀಡಿಯಂ ಕೊಡಿ" ಎಂದು ಕೇಳಿ ಬಂದುಬಿಟ್ಟರೆ ಸಾಲದು. ಬೀಜ ತೋರಿಸಿ ಅನ್ನಿ. ಹಳೇ ಜೋನಿಬೆಲ್ಲದ ಬಣ್ಣವಿರಬೇಕು, ಮೈ ಒಣಗಿರಬೇಕು. ಎಣ್ಣೆ ಹೊಳೆಯುತ್ತಿದ್ದರೆ ಅದು ಅವರ ಭಾಷೆಯಲ್ಲಿ ಮೀಡಿಯಂ, ನಿಮ್ಮ ಬಾಯಿಗೆ ಡಾರ್ಕ್. ಒಂದು ಬೀಜವನ್ನು ಹಲ್ಲಲ್ಲಿ ಕಚ್ಚಿ ನೋಡಿ: ಹುರಿದ ಶೇಂಗಾದಂತೆ ಕರುಂ ಎಂದು ಮುರಿಯಬೇಕು. ಒಳಗಿನ ಬಣ್ಣವೂ ಹೊರಗಿನ ಬಣ್ಣವೂ ಹೆಚ್ಚುಕಡಿಮೆ ಒಂದೇ ಇರಬೇಕು. ಹೊರಗೆ ಕಪ್ಪು, ಒಳಗೆ ತೆಳು ಕಂದು ಕಂಡರೆ ಉರಿ ಜೋರಾಗಿ ಅವಸರದಲ್ಲಿ ಹುರಿದಿದ್ದಾರೆ ಎಂದರ್ಥ. ಅಂಥ ಪುಡಿಯಲ್ಲಿ ಸೀದದ್ದೂ ಹಸಿಯದ್ದೂ ಒಟ್ಟಿಗೆ ಸಿಗುತ್ತದೆ. ಬಾಣಲೆಯಲ್ಲಿ ಮನೆಯಲ್ಲೇ ಹುರಿಯುವವರಿಗೆ ಆಗುವುದೂ ಇದೇ. ಮಲೆನಾಡಿನ ಅಜ್ಜಿಯರು ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಕೈಯಾಡಿಸುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನು ಬೀಜದ ಜಾತಿ. ಇದನ್ನು ಕೇಳದೆ ರೋಸ್ಟ್ ಮಾತ್ರ ಬದಲಿಸುತ್ತ ಹೋದರೆ ದುಡ್ಡು ದಂಡ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು, ಕ್ಲೋರೋಜೆನಿಕ್ ಆಮ್ಲವೂ ಜಾಸ್ತಿ, ಸಕ್ಕರೆ ಕಮ್ಮಿ. ಹಾಗಾಗಿ ಮೀಡಿಯಂ ಹುರಿದ ರೋಬಸ್ಟಾ, ಡಾರ್ಕ್ ಹುರಿದ ಅರೇಬಿಕಾದಷ್ಟೇ ಕಹಿಯೆನಿಸಬಹುದು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಮುಕ್ಕಾಲಿನಷ್ಟು ರೋಬಸ್ಟಾ. ನುರಿತ ಕುಡುಕರಿಗೆ ಅದು ಕೊಡುವ ಗಟ್ಟಿತನ, ನೊರೆ ಬೇಕು. ನಿಮಗೆ ಬೇಡ. "ಪೂರ್ತಿ ಅರೇಬಿಕಾ, ಪ್ಲಾಂಟೇಶನ್ ಎ ಅಥವಾ ಪೀಬೆರಿ" ಎಂದು ಕೇಳಿ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಆಗಿ ಬೆಳೆದ ಗುಂಡು ಬೀಜ. ಕೈಗೆ ಎಟುಕದಿದ್ದರೆ ಮುಕ್ಕಾಲು ಅರೇಬಿಕಾ, ಕಾಲು ರೋಬಸ್ಟಾ ಬೆರೆಸಲು ಹೇಳಿ.

ಚಿಕೋರಿಯ ವಿಚಾರ ಸ್ವಲ್ಪ ಬೇರೆ. ಅದು ಕಾಫಿಯೇ ಅಲ್ಲ, ಹುರಿದ ಬೇರು. ಸಿಹಿಛಾಯೆ ಕೊಡುತ್ತದೆ, ಡಿಕಾಕ್ಷನ್ ದಪ್ಪಗಾಗುತ್ತದೆ, ಜೊತೆಗೆ ತನ್ನದೇ ಮಣ್ಣಿನಂಥ ಕಹಿಯನ್ನೂ ತರುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ 49 ಶೇಕಡಾದವರೆಗೆ ಚಿಕೋರಿ ಇರಲು ಕಾನೂನು ಬಿಡುತ್ತದೆ, ಎಷ್ಟಿದೆ ಎಂದು ಪ್ಯಾಕೆಟ್ ಮೇಲೆ ಬರೆದಿರಬೇಕು. ಬಿಡಿ ಪುಡಿ ಕೊಂಡರೆ ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಉದುರಿಸಿ ನೋಡಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ತಕ್ಷಣ ಮುಳುಗುತ್ತ, ಕಂದು ಗೆರೆ ಎಳೆಯುತ್ತ ಹೋಗುತ್ತದೆ. ಮೊದಲ ತಿಂಗಳು ಚಿಕೋರಿ ಇಲ್ಲದೆ ಕುಡಿಯಿರಿ. ತೀರಾ ತೆಳುವೆನಿಸಿದರೆ ಹತ್ತು ಶೇಕಡಾ ಸೇರಿಸಿ. ಬಜೆಟ್ ಬಿಗಿ ಇರುವವರಿಗೂ ಇದೇ ದಾರಿ: ಅರೇಬಿಕಾ ಮೀಡಿಯಮ್ಮಿಗೆ ಹದಿನೈದು, ಇಪ್ಪತ್ತು ಶೇಕಡಾ ಚಿಕೋರಿ ಸೇರಿಸುವುದು, ಅಗ್ಗದ ರೋಬಸ್ಟಾ ಡಾರ್ಕ್ ತರುವುದಕ್ಕಿಂತ ಬಾಯಿಗೆ ಮೃದು.

ಹಾಗಾದರೆ ನೀವು ಯಾವುದು ತರಬೇಕು

ಹಾಲಿಲ್ಲದೆ ಕುಡಿಯಲು ಮನಸ್ಸಿದ್ದು, ನಿಂಬೆ ಚಹಾ ಇಷ್ಟಪಡುವವರು ಲೈಟ್ ತನ್ನಿ. ಕಾಗದದ ಫಿಲ್ಟರ್ ಇಲ್ಲದಿದ್ದರೆ, ರಾತ್ರಿ 30 ಗ್ರಾಂ ದಪ್ಪ ಪುಡಿಯನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿ. ತಣ್ಣೀರಿಗೆ ಕಹಿಯೂ ಹುಳಿಯೂ ಕಮ್ಮಿ ಇಳಿಯುತ್ತವೆ. ಹಾಲು ಬೇಕೇ ಬೇಕು ಅನ್ನುವವರಿಗೆ ಅರೇಬಿಕಾ ಮೀಡಿಯಂ. ಹುಳಿ ಅಂದರೆ ಹೊಟ್ಟೆಯೇ ಕಿವುಚುತ್ತದೆ, ಕಾಫಿ ಅಂದರೆ ಬಣ್ಣದ ಹಾಲು ಸಾಕು ಅನ್ನುವವರಿಗೆ ಮೀಡಿಯಮ್ಮಿಗಿಂತ ಒಂದು ಹೆಜ್ಜೆ ಮುಂದೆ, ಎಣ್ಣೆ ಜಿನುಗುವ ಮುಂಚೆ ಇಳಿಸಿದ್ದು.

ಮನೆಯಲ್ಲಿ ಒಬ್ಬರಿಗೆ ಕಹಿ ಬೇಕು, ಇನ್ನೊಬ್ಬರಿಗೆ ಬೇಡ ಎಂದಿದ್ದರೆ ಎರಡು ಪುಡಿ ತರುವ ಗೋಜು ಬೇಡ. ಮೀಡಿಯಂ ತಂದು, ಕಹಿ ಬೇಡದವರ ಲೋಟಕ್ಕೆ ಮೊದಲು ಇಳಿದ ಡಿಕಾಕ್ಷನ್ ಹಾಕಿ, ಬೇಕಾದವರಿಗೆ ಕೊನೆಯದ್ದು. ಹಾಕುವ ನೀರು ಕೊತಕೊತ ಕುದಿಯುತ್ತಿರುವುದು ಬೇಡ, ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸು, ಮಂಗಳೂರಿನವರು ಇನ್ನೊಂದು ನಿಮಿಷ ಕಾಯಬೇಕು. ಇಳಿದ ಡಿಕಾಕ್ಷನ್ ಅನ್ನು ಮತ್ತೆ ಒಲೆ ಮೇಲೆ ಇಡಬೇಡಿ. ಇಷ್ಟಾಗಿಯೂ ಕಹಿ ಉಳಿದರೆ ಲೋಟಕ್ಕೆ ಎರಡು ಹರಳು ಉಪ್ಪು ಹಾಕಿ. ಉಪ್ಪು ಕಹಿಯನ್ನು ನಾಲಿಗೆಗೆ ಮರೆಮಾಡುತ್ತದೆ. ಉಪ್ಪಿನ ರುಚಿ ಗೊತ್ತಾಯಿತು ಅಂದರೆ ಜಾಸ್ತಿ ಆಯಿತು ಎಂದರ್ಥ.

ಯಾವುದೇ ಆಗಲಿ, ಮೊದಲ ಸಲ ನೂರು ಗ್ರಾಂ ಮಾತ್ರ ಕೊಳ್ಳಿ, ಹುರಿದ ದಿನ ಕೇಳಿ ಕೊಳ್ಳಿ. 20 ಗ್ರಾಮಿನಂತೆ ಐದು ಸಲಕ್ಕೆ ಬರುತ್ತದೆ. ಮೊದಲ ದಿನದ ತೀರ್ಮಾನವನ್ನು ನಂಬದೆ ಐದನೇ ದಿನದ್ದನ್ನು ನಂಬಿ.

ತಂಗಿ ಈಗ ಅದೇ ಅಂಗಡಿಯಿಂದ ತಿಂಗಳಿಗೆ ಅರ್ಧ ಕೆಜಿ ಮೀಡಿಯಂ ಪೀಬೆರಿ ತರುತ್ತಾಳೆ, ಹತ್ತು ಶೇಕಡಾ ಚಿಕೋರಿ ಹಾಕಿಸಿ. ಸಕ್ಕರೆ ಒಂದು ಚಮಚಕ್ಕೆ ಬಂದು ನಿಂತಿದೆ. ಮೊದಲ ವಾರದ ಲೈಟ್ ಪುಡಿಯಲ್ಲಿ ಉಳಿದದ್ದನ್ನು ನನ್ನ ಭಾವ ತಣ್ಣೀರಿನಲ್ಲಿ ನೆನೆಸಿ ಖಾಲಿ ಮಾಡಿದರು. ಈಗ ಅವರಿಗೆ ಬೇಸಿಗೆ ಬಂದರೆ ಅದೇ ಬೇಕಂತೆ.